೧೨೬೮ ಹುಡುಕಿದರೆ 1268 ಏಕೆ ಸಿಗಲಿಲ್ಲ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದ ಶಾಸನಗಳದ್ದೊಂದು ಪಟ್ಟಿಯನ್ನು ನಾವು ಕೆಲವರು ಸೇರಿ ಮಾಡ್ತಾ ಇದ್ದೇವೆ. ಆಧಾರ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ. ಅದರಲ್ಲಿ ಶೃಂಗೇರಿಯ ಪ್ರಸಿದ್ಧ ಹರಿಹರನ ಶಾಸನವೂ ಇದೆ: ಶಕ 1268, ಪಾರ್ಥಿವ ಸಂವತ್ಸರ, ಫಾಲ್ಗುಣ. ಒಂದು ದಿನ 1268 ಅಂತ ಹುಡುಕಿದೆ, ಸಿಗಲಿಲ್ಲ. ಆ ಸಾಲನ್ನು ತುಂಬಿದ ಗೆಳೆಯರು ೧೨೬೮ ಅಂತ ಹೊಡೆದಿದ್ದರು.

ನಮ್ಮ ಕಣ್ಣಿಗೆ ಎರಡೂ ಒಂದೇ ಸಂಖ್ಯೆ. ಯಂತ್ರಕ್ಕೆ ಹಾಗಲ್ಲ. ಯೂನಿಕೋಡಿನಲ್ಲಿ ೦ರಿಂದ ೯ರವರೆಗಿನ ಅಂಕಿಗಳು U+0CE6ರಿಂದ U+0CEFವರೆಗೆ ಬೇರೆಯೇ ಜಾಗದಲ್ಲಿವೆ. NFKC ಎಂಬ ಸಾಮಾನ್ಯ ಯೂನಿಕೋಡ್ ಶುದ್ಧೀಕರಣವೂ ಇವನ್ನು 0–9 ಮಾಡುವುದಿಲ್ಲ. ನಾವೇ ಮಾಡಬೇಕು:

```python
KN = str.maketrans("೦೧೨೩೪೫೬೭೮೯", "0123456789")
def anki(s):
    return s.translate(KN).replace(",", "")
```

ಮೂಲ ಪಾಠದ ಕಾಲಂ ಮುಟ್ಟಬೇಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ವರ್ಷ ಅಥವಾ ಮೊತ್ತ ಬರೆದ ಅಂಕಿಯನ್ನಷ್ಟೇ ಇದರ ಮೂಲಕ ಹಾಯಿಸಿ, ಸಂಖ್ಯೆಯಾಗಿಯೇ ಇಡಿ. ಹುಡುಕುವವರು ಬರೆದ ಅಂಕಿಯನ್ನೂ ಅದರಲ್ಲೇ ಹಾಯಿಸಬೇಕು. ಪದವಾಗಿ ಇಟ್ಟರೆ 12 ಎಂದಾಗ 1268 ಕೂಡ ಬರುತ್ತದೆ, 1260–1300ರ ನಡುವಿನದು ಬೇಕೆಂದರೆ ಲೆಕ್ಕ ತಪ್ಪುತ್ತದೆ.

ಇಷ್ಟು ಮಾಡಿದ ಮೇಲೂ ಕೆಲವು ಸಾಲು ಸಿಗಲಿಲ್ಲ. ಕಾರಣ ಸೊನ್ನೆ. ಟೈಪ್ ಮಾಡುವಾಗ ಅನೇಕರು ೦ ಬದಲು ಅನುಸ್ವಾರ (ಂ) ಹಾಕುತ್ತಾರೆ. "೧ಂ" ತೆರೆಯ ಮೇಲೆ ಹತ್ತರಂತೆಯೇ ಕಾಣುತ್ತದೆ. ಅಂಕಿಯ ಹಿಂದೆಯೇ ಅನುಸ್ವಾರ ಬಂದ ಸಾಲುಗಳನ್ನು ಇದರಿಂದ ಹಿಡಿಯಬಹುದು:

```
[೦-೯0-9]ಂ
```

ಸಿಕ್ಕವನ್ನು ಪುಸ್ತಕದೊಂದಿಗೆ ಹೋಲಿಸಿ ಕೈಯಲ್ಲೇ ತಿದ್ದಿದೆ. ಹಾಗೆಯೇ ಮೊತ್ತದಲ್ಲಿ "ಗ ೧೦" ಅಂದರೆ ಹತ್ತು ಗದ್ಯಾಣ. ಇಲ್ಲಿ ಗ ಅಕ್ಷರ, ೧ ಅಂಕಿ; ಕಣ್ಣಿಗೆ ಹತ್ತಿರವಾದರೂ ಒಂದನ್ನು ಇನ್ನೊಂದಾಗಿ ಬದಲಿಸುವ ನಿಯಮ ಬರೆಯಬಾರದು. ಮೊತ್ತಕ್ಕೆ ಸಂಖ್ಯೆ ಒಂದು ಕಾಲಂ, ನಾಣ್ಯದ ಹೆಸರು ಇನ್ನೊಂದು. ಇಲ್ಲದಿದ್ದರೆ ಹತ್ತು ಹಣವೂ ಹತ್ತು ಗದ್ಯಾಣವೂ ಒಂದಾಗಿಬಿಡುತ್ತವೆ.

ಕೊನೆಗೆ, ಅಂಕಿ ಬದಲಿಸಿದರೆ ಶಕ ಬದಲಾಗುವುದಿಲ್ಲ. 1346 ಎಂದು ಹುಡುಕಿದವರಿಗೂ ಈ ಶಾಸನ ಸಿಗಬೇಕಾದರೆ ಕ್ರಿ.ಶ. ವರ್ಷಕ್ಕೆ ಬೇರೆ ಕಾಲಂ ಬೇಕು. ಕಣ್ಣು ಮುಚ್ಚಿ 78 ಕೂಡಿಸಬೇಡಿ. ಪಾರ್ಥಿವ ಸಂವತ್ಸರ ಬಂದದ್ದು ಗತಶಕ 1267ರಲ್ಲಿ, ಅಂದರೆ ಶಾಸನದ 1268 ನಡೆಯುತ್ತಿದ್ದ ವರ್ಷ. ಅದು 1345ರ ಯುಗಾದಿಗೆ ಶುರುವಾಗಿ 1346ರ ಮಾರ್ಚ್‌ಗೆ ಮುಗಿಯುತ್ತದೆ. ತಿಂಗಳು ಫಾಲ್ಗುಣವಾದ್ದರಿಂದ 1346 ಸರಿಬಂತು. ಅದೇ ಸಂವತ್ಸರದ ಶ್ರಾವಣವಾಗಿದ್ದರೆ 1345 ಆಗುತ್ತಿತ್ತು. ವರ್ಷವನ್ನು ಅಂಕಿಯ ಬದಲು ಮಾತಿನಲ್ಲಿ ಬರೆದ ಶಾಸನಗಳಿಗಂತೂ ಸಂಖ್ಯೆಯನ್ನು ಓದಿ ನಾವೇ ತುಂಬಬೇಕು.