ತಡವಾಗಿ ಬಂದವರು, ಬೇಗ ಹೊರಟವರು

ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಎರಡು ರಜೆ ಅರ್ಜಿಗಳಿವೆ ಎಂದುಕೊಳ್ಳಿ. ಗಣಿತದ ಮೇಷ್ಟ್ರು 2024ರ ಫೆಬ್ರವರಿ 24ರಿಂದ ಮಾರ್ಚ್ 2ರವರೆಗೆ ರಜೆ ಕೇಳಿದ್ದಾರೆ. ವಿಜ್ಞಾನದ ಮೇಡಂ ಅವರದು ಫೆಬ್ರವರಿ 27ರಿಂದ ಮಾರ್ಚ್ 5ರವರೆಗೆ. ಇಬ್ಬರೂ ಶಾಲೆಯಲ್ಲಿ ಇಲ್ಲದ ದಿನಗಳು ಎಷ್ಟು?

ಕ್ಯಾಲೆಂಡರ್ ಹಿಡಿದು ಬೆರಳು ಮಡಚಿದರೆ ಉತ್ತರ ಸಿಗುತ್ತದೆ. ಆದರೆ 29ನೇ ತಾರೀಖು ಮರೆತುಹೋಗಬಹುದು, ಮೊದಲ ದಿನ ಲೆಕ್ಕದಿಂದ ತಪ್ಪಬಹುದು. ಅರ್ಜಿಗಳು ಐವತ್ತಾದರೆ ಬೆರಳು ಸಾಲುವುದಿಲ್ಲ.

ಒಂದೇ ಮನೆಗೆ ಬಂದ ಇಬ್ಬರು ನೆಂಟರನ್ನು ನೆನೆದರೆ ದಾರಿ ಸುಲಭ. ಅವರು ಜೊತೆಯಲ್ಲಿರುವುದು ಶುರುವಾಗುವುದು ತಡವಾಗಿ ಬಂದವರು ಕಾಲಿಟ್ಟಾಗ. ಮುಗಿಯುವುದು ಬೇಗ ಹೊರಡುವವರು ಹೊರಟಾಗ. ರಜೆಗೂ ಇದೇ ಲೆಕ್ಕ. ಎರಡು ಆರಂಭಗಳಲ್ಲಿ ತಡವಾದದ್ದು ಫೆಬ್ರವರಿ 27, ಎರಡು ಕೊನೆಗಳಲ್ಲಿ ಮೊದಲಿನದು ಮಾರ್ಚ್ 2. ನಡುವೆ 27, 28, 29, 1, 2 ಎಂದು ಐದು ದಿನ.

ಎಕ್ಸೆಲ್ ಹಾಳೆಯಲ್ಲಿ ಪ್ರತಿ ದಿನಾಂಕದ ಹಿಂದೆ ಒಂದು ಸಂಖ್ಯೆ ಇರುತ್ತದೆ. 1900ರ ಜನವರಿ 1ಕ್ಕೆ 1, ಅಲ್ಲಿಂದ ಮುಂದೆ ದಿನಕ್ಕೊಂದು. ಹಾಗೆ 2024ರ ಫೆಬ್ರವರಿ 27 ಎಂದರೆ 45349, ಮಾರ್ಚ್ 2 ಎಂದರೆ 45353. ಕಳೆದರೆ ಬರುವುದು ನಾಲ್ಕು. ಮೊದಲ ದಿನವೂ ರಜೆಯೇ ಆದ್ದರಿಂದ ಒಂದು ಕೂಡಿಸಬೇಕು. ಆರಂಭದ ದಿನ B ಕಾಲಂನಲ್ಲಿ, ಕೊನೆಯ ದಿನ C ಕಾಲಂನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=MAX(0, MIN(C2,C3)-MAX(B2,B3)+1)
```

ಮುಂದಿರುವ ಸೊನ್ನೆಗೂ ಕೆಲಸವಿದೆ. ಒಬ್ಬರ ರಜೆ 1ರಿಂದ 5, ಇನ್ನೊಬ್ಬರದು 10ರಿಂದ 12 ಆಗಿದ್ದರೆ, 5ರಿಂದ 10 ಕಳೆದು 1 ಕೂಡಿಸಿದಾಗ ಬರುವುದು ಮೈನಸ್ 4. ನಡುವೆ ಖಾಲಿ ಉಳಿದ 6, 7, 8, 9 ಎಂಬ ನಾಲ್ಕು ದಿನಗಳ ಲೆಕ್ಕ ಅದು. ಇಂಥ ಮೈನಸ್ ಸಂಖ್ಯೆಗಳು ಹಾಗೇ ಉಳಿದು ತಿಂಗಳ ಒಟ್ಟು ಮೊತ್ತಕ್ಕೆ ಸೇರಿದರೆ, ನಿಜವಾಗಿ ತಾಕಲಾಡಿದ ದಿನಗಳನ್ನು ನುಂಗಿಬಿಡುತ್ತವೆ. ಸೊನ್ನೆ ಅದನ್ನು ತಡೆಯುತ್ತದೆ.

ಮೂರನೆಯವರೊಬ್ಬರು ಮಾರ್ಚ್ 1ರಿಂದ 8ರವರೆಗೆ ರಜೆ ಹಾಕಿದರೂ ನಿಯಮ ಬದಲಾಗದು. ಮೂರು ಆರಂಭಗಳಲ್ಲಿ ಕೊನೆಯದು ಮಾರ್ಚ್ 1, ಮೂರು ಕೊನೆಗಳಲ್ಲಿ ಮೊದಲಿನದು ಮಾರ್ಚ್ 2. ಮೂವರೂ ಇಲ್ಲದಿರುವುದು ಎರಡು ದಿನ.

ಇದೇ ಸೂತ್ರವನ್ನು ವಸತಿಗೃಹದ ಕೌಂಟರಿಗೆ ಒಯ್ದರೆ ಮಾತ್ರ ಎಡವಟ್ಟಾಗುತ್ತದೆ. ಒಂದು ಕುಟುಂಬ ಮಾರ್ಚ್ 8ರಂದು ಬಂದು 11ರ ಬೆಳಿಗ್ಗೆ ರೂಮು ಖಾಲಿ ಮಾಡುತ್ತದೆ. ಇನ್ನೊಂದು ಕುಟುಂಬ 11ರ ಮಧ್ಯಾಹ್ನ ಬಂದು 13ಕ್ಕೆ ಹೊರಡುತ್ತದೆ. ರಜೆಯ ಸೂತ್ರ ಇಲ್ಲಿ ಒಂದು ದಿನದ ತಾಕಲಾಟ ತೋರಿಸುತ್ತದೆ, ಮ್ಯಾನೇಜರ್ ಎರಡನೆಯ ಬುಕಿಂಗನ್ನು ಸುಮ್ಮನೆ ವಾಪಸ್ ಕಳಿಸುತ್ತಾರೆ. ರೂಮಿನಲ್ಲಿ ಎಣಿಸಬೇಕಾದದ್ದು ರಾತ್ರಿಗಳನ್ನು. ಮೊದಲ ಕುಟುಂಬದ್ದು 8, 9, 10ರ ರಾತ್ರಿ; ಎರಡನೆಯದು 11, 12ರ ರಾತ್ರಿ. ಆದ್ದರಿಂದ ಸೂತ್ರದ ಕೊನೆಯ +1 ತೆಗೆದುಹಾಕಬೇಕು. ಆಗ ಉತ್ತರ ಸೊನ್ನೆ. ಎರಡನೆಯವರು 10ರಂದೇ ಬರುವುದಾದರೆ 11ರಿಂದ 10 ಕಳೆದು ಒಂದು ರಾತ್ರಿ, ಅಂದರೆ 10ರ ರಾತ್ರಿ, ನಿಜಕ್ಕೂ ತಾಕುತ್ತದೆ.

ಕಲ್ಯಾಣ ಮಂಟಪಕ್ಕೆ ಇದೂ ಸಾಲದು. 10ರ ಸಂಜೆ ಆರತಕ್ಷತೆ, 11ರ ಮಧ್ಯಾಹ್ನ ಮುಹೂರ್ತದ ಊಟ ಮುಗಿಸಿ ಒಂದು ಮದುವೆಯವರು ಹೊರಟರೆ, ಅದೇ ಸಂಜೆ ಇನ್ನೊಂದು ಮದುವೆಯವರು ಒಳಗೆ ಬರುತ್ತಾರೆ. ಅಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆದಿಡಬೇಕು. ಎಕ್ಸೆಲ್ ಗಂಟೆಯನ್ನು ದಿನದ ಭಾಗವಾಗಿ ನೋಡುತ್ತದೆ. ಮಧ್ಯಾಹ್ನ 12 ಎಂದರೆ ಅರ್ಧ ದಿನ, 0.5.

ಸೂತ್ರ ಸರಿಯಿದ್ದೂ ಉತ್ತರ ಕೆಡುವುದು ಹೆಚ್ಚಾಗಿ ತಾರೀಖು ಬರೆದ ರೀತಿಯಿಂದ. ಬೇರೆಡೆಯಿಂದ ನಕಲು ಮಾಡಿ ತಂದ ತಾರೀಖು ಕೆಲವೊಮ್ಮೆ ಸಂಖ್ಯೆಯಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಅಂಥ ಕೋಶವನ್ನು MAX, MIN ಎರಡೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಪ್ಪಿದೆ ಎಂದೂ ಹೇಳುವುದಿಲ್ಲ. ಮೇಡಂ ಅವರ ಫೆಬ್ರವರಿ 27 ಹೀಗೆ ಅಕ್ಷರವಾಗಿದ್ದರೆ, ತಡವಾದ ಆರಂಭವೆಂದು ಉಳಿಯುವುದು ಮೇಷ್ಟ್ರ ಫೆಬ್ರವರಿ 24. ಐದರ ಜಾಗದಲ್ಲಿ ಎಂಟು ಬರುತ್ತದೆ. ಪತ್ತೆ ಹಚ್ಚಲು ಕಣ್ಣೇ ಸಾಕು. ಜೋಡಣೆಯನ್ನು ಬದಲಿಸದ ಹಾಳೆಯಲ್ಲಿ ನಿಜವಾದ ತಾರೀಖು ಕೋಶದ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ಎಡಕ್ಕೆ ನಿಂತದ್ದನ್ನು ಅಳಿಸಿ ಮತ್ತೆ ಟೈಪ್ ಮಾಡಿದರೆ ಎಂಟು ಐದಕ್ಕೆ ಇಳಿಯುತ್ತದೆ.