ಐವತ್ತರ ಮೇಲೆ ಲೇಸರೋ, ಲೆನ್ಸೋ?

ಪ್ರಶ್ನೆ: ವಯಸ್ಸು 54. ದೂರಕ್ಕೆ ಪ್ಲಸ್ 3, ಓದಲು ಇನ್ನೂ ಹೆಚ್ಚು ಪವರ್. ಲೇಸರ್ ಮಾಡಿಸಿದರೆ ಕನ್ನಡಕ ಬಿಡಬಹುದೇ? — ಓದುಗರು, ಪಿರಿಯಾಪಟ್ಟಣ

ಉತ್ತರ: ದೂರದ ಕನ್ನಡಕ ಹೋಗಬಹುದು, ಓದುವ ಕನ್ನಡಕ ಸಾಮಾನ್ಯವಾಗಿ ಉಳಿಯುತ್ತದೆ. ಲೇಸರ್ ತಿದ್ದುವುದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು. ನಿಮ್ಮ ವಯಸ್ಸಿನಲ್ಲಿ ಗಡುಸಾಗಿರುವುದು ಅದರ ಹಿಂದಿನ ಲೆನ್ಸ್. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಉಪಾಯವಿದೆ, ಆದರೆ ಅದು ಎಲ್ಲರಿಗೂ ಒಗ್ಗುವುದಿಲ್ಲ. ಮೇಲಾಗಿ ಮುಂದೆ ಪೊರೆ ಬಂದಾಗ, ಲೇಸರ್ ಆದ ಕಣ್ಣಿಗೆ ಹಾಕುವ ಲೆನ್ಸ್‌ನ ಪವರ್ ಲೆಕ್ಕ ಹಾಕುವುದು ಕಷ್ಟ. ಆದ್ದರಿಂದ ಪ್ಲಸ್ ಪವರ್ ಇರುವ ನಿಮಗೆ ಲೆನ್ಸ್ ಬದಲಾವಣೆಯೇ ಹೆಚ್ಚು ಸರಿಯೆನಿಸುತ್ತದೆ. ಪೊರೆ ಶಸ್ತ್ರಚಿಕಿತ್ಸೆಯಂತೆಯೇ ಸುಮಾರು 2–3 ಮಿ.ಮೀ. ಸೀಳಿನಿಂದ ಹಳೆಯ ಲೆನ್ಸ್ ತೆಗೆದು ಕೃತಕ ಲೆನ್ಸ್ ಕೂರಿಸುತ್ತಾರೆ. ಆ ಕಣ್ಣಿಗೆ ಮತ್ತೆ ಪೊರೆ ಬರುವುದಿಲ್ಲ.

ಪೊರೆಯಿಲ್ಲದ ಕಣ್ಣನ್ನು ಯಾಕೆ ತೆರೆಯಬೇಕೆಂಬ ಆಕ್ಷೇಪ ನ್ಯಾಯವಾದದ್ದೇ. ಸೋಂಕು ಅಪರೂಪ, ಆದರೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಹೆಚ್ಚು ಮೈನಸ್ ಪವರ್ ಇರುವವರಲ್ಲಿ ರೆಟಿನಾ ಕಳಚುವ ಅಪಾಯ ಜಾಸ್ತಿ. ಅವರು ಪೊರೆ ಬರುವವರೆಗೆ ಕಾಯುವುದೇ ಲೇಸು. ಶಸ್ತ್ರಚಿಕಿತ್ಸೆಯ ನಂತರ ಯಾರಿಗೇ ಆಗಲಿ ಮಿಂಚು, ಹೊಸ ಕಪ್ಪುಚುಕ್ಕೆ, ಪರದೆ ಇಳಿದಂಥ ನೆರಳು ಕಂಡರೆ ಅದೇ ದಿನ ಮೈಸೂರಿನ ಕಣ್ಣಾಸ್ಪತ್ರೆಗೆ ಹೊರಡಬೇಕು. ಲೆನ್ಸ್ ಆಯ್ಕೆಯೂ ಕೆಲಸಕ್ಕೆ ತಕ್ಕಂತಿರಲಿ. ಹಗಲು ಹೊಗೆಸೊಪ್ಪಿನ ಬಣ್ಣ ನೋಡಿ ಗ್ರೇಡ್ ಮಾಡುತ್ತಾ ಲೆಕ್ಕಪುಸ್ತಕ ಓದುವವರಿಗೆ ಟ್ರೈಫೋಕಲ್ ಅನುಕೂಲ. ರಾತ್ರಿ ಹುಣಸೂರಿನಿಂದ ಎಚ್.ಡಿ. ಕೋಟೆಗೆ ಗಾಡಿ ಓಡಿಸುವವರಿಗೆ ಅದೇ ಲೆನ್ಸ್ ಎದುರು ಬರುವ ದೀಪಗಳ ಸುತ್ತ ಬೆಳಕಿನ ಬಳೆ ಮೂಡಿಸಬಹುದು. ಅವರಿಗೆ ದೂರಕ್ಕೆ ಹೊಂದಿಸಿದ ಮೋನೋಫೋಕಲ್ ಹಾಕಿಸಿ, ಓದಲು ಮಾತ್ರ ಕನ್ನಡಕ ಇಟ್ಟುಕೊಳ್ಳುವುದು ಕ್ಷೇಮ.