ಸಲಿಂಗಾಸಕ್ತಿ: ಆಯ್ಕೆಯೂ ಅಲ್ಲ, ಆಮದೂ ಅಲ್ಲ

ಘಾಟ್ಕೋಪರ್‌ನಲ್ಲಿ ಬೆಳೆದ ನಿಮ್ಮ ಮಗ ತನಗೆ ಹುಡುಗರ ಮೇಲೆಯೇ ಒಲವು ಎಂದರೆ, ಊರಿನ ನೆಂಟರು ‘ಮುಂಬೈ ಸಹವಾಸ’ ಎನ್ನಬಹುದು. ಆದರೆ ಯಾರ ಮೇಲೆ ಮನಸ್ಸಾಗಬೇಕೆಂದು ಯಾರೂ ಆರಿಸಿಕೊಳ್ಳುವುದಿಲ್ಲ. ಸಹವಾಸವಾಗಲಿ, ನೀವು ಬೆಳೆಸಿದ ರೀತಿಯಾಗಲಿ ಇದಕ್ಕೆ ಕಾರಣ ಎಂಬುದಕ್ಕೆ ಪುರಾವೆಯಿಲ್ಲ.

ಇದು ವಿದೇಶದಿಂದ ಬಂದದ್ದೂ ಅಲ್ಲ. ಕಾಮಸೂತ್ರದಲ್ಲೇ ಇದರ ಪ್ರಸ್ತಾಪವಿದೆ. ಹೊರಗಿನಿಂದ ಬಂದದ್ದು ಇದನ್ನು ಅಪರಾಧವೆಂದ 377ನೇ ಕಲಂ. 1860ರಲ್ಲಿ ಬ್ರಿಟಿಷರು ತಂದ ಅದು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು.

ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ‘ವಾಸಿ ಮಾಡುತ್ತೇನೆ’ ಎನ್ನುವವರ ಬಳಿ ಮಗನನ್ನು ಕರೆದೊಯ್ಯಬೇಡಿ. ಅಂಥ ‘ಪರಿವರ್ತನಾ ಚಿಕಿತ್ಸೆ’ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅವನಿಗೆ ನಿದ್ದೆ ಬಾರದಿದ್ದರೆ, ಮನಸ್ಸು ಕುಗ್ಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ: ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.